ಬೆವರು, ಮೂಗಿನ ತುರಿಕೆ, ಹಸಿರು ಕಲೆ: ಮೆಟಲ್ ಬಿಟ್ಟು ಯಾವ ಫ್ರೇಮ್ ತಗೊಳ್ಳಲಿ?

ಬನಹಟ್ಟಿ ಮಗ್ಗ

ನಮಸ್ಕಾರ ಎಲ್ಲರಿಗೂ. ನಾನು ಬನಹಟ್ಟಿಯವನು, ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ. ಮೇಲೆ ತಗಡು, ಏಪ್ರಿಲ್ ಮೇ ತಿಂಗಳಲ್ಲಿ ಒಳಗೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನನ್ನ ನಂಬರ್ ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ, ಚಸ್ಮಾ ತೆಗೆದರೆ ನೂಲು ಹರಿದದ್ದು ಕಾಣೋದಿಲ್ಲ, ಹಾಗಾಗಿ ಬೆಳಗಿನಿಂದ ರಾತ್ರಿವರೆಗೆ ಮುಖದ ಮೇಲೇ ಇರುತ್ತದೆ.

ಈಗಿನದು ಬಂಗಾರ ಬಣ್ಣದ ಮೆಟಲ್ ಫ್ರೇಮ್. ಮೊದಲ ವರ್ಷ ಏನೂ ಆಗಲಿಲ್ಲ. ಈಗ ಮೂಗಿನ ಎರಡೂ ಬದಿಗೆ ಕೆಂಪಾಗಿ, ಸಿಪ್ಪೆ ಎದ್ದು, ಆಮೇಲೆ ಕಪ್ಪು ಕಲೆ. ಕಣ್ಣಿನ ಪಕ್ಕದಿಂದ ಕಿವಿ ಕಡೆಗೆ ಕಡ್ಡಿ ತಾಗುವ ಜಾಗದಲ್ಲಿ ಒಂದು ಗೆರೆ ಎಳೆದ ಹಾಗೆ ತುರಿಕೆ. ಪ್ಯಾಡಿನ ಹಿಂದೆ ಹಸಿರು ಪಾಚಿ ತರಹದ್ದು ಸೇರಿಕೊಳ್ಳುತ್ತದೆ. ಒರೆಸಿದರೆ ವಾರದಲ್ಲಿ ಮತ್ತೆ ಬರುತ್ತದೆ.

ಅಂಗಡಿಯವರು "ಟೈಟಾನಿಯಂ ತಗೊಳ್ಳಿ, ಅಲರ್ಜಿನೇ ಆಗಲ್ಲ" ಅಂತಾರೆ. ತಮ್ಮ ಪ್ಲಾಸ್ಟಿಕ್ಕಿನದು, ಬಾಗುವಂಥದ್ದು ತಗೋ ಅಂತಾನೆ. ಅಸಿಟೇಟ್ ಅಂತ ಇನ್ನೊಂದಿದೆಯಂತೆ, ಕೈಯಲ್ಲಿ ಹಿಡಿದರೆ ಭಾರ ಅನ್ನಿಸಿತು. ಬಳಸಿದವರು ಹೇಳಿ.

ಗುಮ್ಮಟದ ಗಾಳಿ

ಹಸಿರು ಬಂತು ಅಂದ್ರೆ ನಿಕಲ್ ಅಲರ್ಜಿ ಅಣ್ಣಾ, ಡೌಟೇ ಇಲ್ಲ. ಟೈಟಾನಿಯಂ ಹಾಕಿ, ಮುಗೀತು. ಅಂಗಡಿಗೆ ಹೋಗುವಾಗ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಅಂಟಿದರೆ ಡೂಪ್ಲಿಕೇಟ್, ಅಂಟದಿದ್ದರೆ ಒರಿಜಿನಲ್. ನಂದು ಮೆಮೊರಿ ಟೈಟಾನಿಯಂ, ಕಡ್ಡಿಯನ್ನು ಬೆರಳಿಗೆ ಸುತ್ತಿ ಬಿಟ್ಟರೂ ನೆಟ್ಟಗಾಗುತ್ತದೆ. ಅದನ್ನೇ ತಗೊಳ್ಳಿ.

ಸೈಕಲ್ ಸವದತ್ತಿ

ಶೆಡ್ಡಿನಿಂದ ಬಿಸಿಲಿಗೆ ಬರುವವರು ಬಿಸಿಲಲ್ಲಿ ಕಪ್ಪಾಗುವ ಲೆನ್ಸ್ ಹಾಕಿಸಿ, ಕಣ್ಣಿಗೆ ತಂಪು. ಬ್ಲೂ ಕಟ್ ಕೂಡ ಸೇರಿಸಿ ಕೊಡ್ತಾರೆ.

ಬನಹಟ್ಟಿ ಮಗ್ಗ

ಅಣ್ಣಾ, ಲೆನ್ಸ್ ಸರಿ ಇದೆ. ತೊಂದರೆ ಇರೋದು ಚರ್ಮಕ್ಕೆ.

ಫಿಟ್ಟಿಂಗ್ ಮಾಮಾ

ನಾನು ವಿಜಯಪುರದಲ್ಲಿ ಚಸ್ಮಾ ಫಿಟ್ಟಿಂಗ್ ಕೆಲಸದವನು, ತಲೆಕೂದಲು ಇದರಲ್ಲೇ ಬೆಳ್ಳಗಾಗಿದೆ. ಫ್ರೇಮಿನ ಹೆಸರು ಹೇಳುವ ಮೊದಲು ಎರಡು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಬೆಲ್ಟಿನ ಬಕಲ್ ಅಥವಾ ಜೀನ್ಸ್ ಗುಂಡಿ ತಾಗುವಲ್ಲಿ, ಹೊಕ್ಕುಳದ ಕೆಳಗೆ, ಯಾವಾಗಲಾದರೂ ತುರಿಕೆ, ಕಪ್ಪು ಕಲೆ ಆಗಿತ್ತಾ? ಮತ್ತೆ ಕಿವಿಯ ಹಿಂದೆ, ಕಡ್ಡಿಯ ಪ್ಲಾಸ್ಟಿಕ್ ತುದಿ ಕೂರುವಲ್ಲಿ, ಈಗ ಏನಾದರೂ ಇದೆಯಾ?

ಹಸಿರಿನ ಬಗ್ಗೆ ಒಂದು ಮಾತು. ಅದು ಬಹುಪಾಲು ತಾಮ್ರದ್ದು. ಸಾಧಾರಣ ಮೆಟಲ್ ಫ್ರೇಮಿನಲ್ಲಿ ಮೋನೆಲ್ ಇರುತ್ತದೆ, ಇಲ್ಲವೇ ಜರ್ಮನ್ ಸಿಲ್ವರ್. ಮೋನೆಲ್ ಎಂದರೆ ಮೂರರಲ್ಲಿ ಎರಡು ಪಾಲು ನಿಕಲ್, ಉಳಿದದ್ದು ಹೆಚ್ಚಾಗಿ ತಾಮ್ರ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಇರುವುದೇ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ. ಮೇಲಿನ ಕೋಟಿಂಗ್ ಇರುವವರೆಗೆ ಎಲ್ಲಾ ಚೆಂದ. ಅದು ಸವೆದ ಕಡೆ ಬೆವರಿನ ಉಪ್ಪು ಮತ್ತು ಹುಳಿ ಒಳಗಿನ ಲೋಹ ಮುಟ್ಟುತ್ತವೆ, ತಾಮ್ರ ಹಸಿರಾಗುತ್ತದೆ. ಅಲರ್ಜಿ ಮಾಡುವುದು ಅದರ ಜೊತೆಗೇ ಕರಗಿ ಬರುವ ನಿಕಲ್. ಅದಕ್ಕೇ ನಿಮಗೆ ಮೊದಲ ವರ್ಷ ಏನೂ ಆಗಲಿಲ್ಲ. ಹಸಿರು ಬಂದ ಎಲ್ಲರಿಗೂ ಅಲರ್ಜಿ ಆಗೋದಿಲ್ಲ, ಅಲರ್ಜಿ ಆದ ಎಲ್ಲರಲ್ಲೂ ಹಸಿರು ಕಾಣೋದೂ ಇಲ್ಲ. ಹಸಿರು ಕಂಡರೆ ಕೋಟಿಂಗ್ ಹೋಗಿದೆ ಅಂತ ಮಾತ್ರ ಖಾತ್ರಿ.

ಇಳಕಲ್ ಅಕ್ಕ

ನನಗೂ ಇದೇ ಗೋಳು, ಆದರೆ ಕಿವಿಯ ಹಿಂದೆ ಮಾತ್ರ. ಮೆಟಲ್ ಬಿಟ್ಟು ಪ್ಲಾಸ್ಟಿಕ್ ಹಾಕಿದೆ, ಮತ್ತೆ ಬಂತು. ಅದನ್ನೂ ಬಿಟ್ಟು ಬೇರೆ ಪ್ಲಾಸ್ಟಿಕ್ ಹಾಕಿದೆ, ಅದಕ್ಕೂ ಬಂತು. ಒಂದು ಗ್ರಾಂ ಬಂಗಾರದ ಓಲೆ ಹಾಕ್ತೀನಿ, ಅದಕ್ಕೆ ಏನೂ ಆಗೋದಿಲ್ಲ. ನನ್ನ ಚರ್ಮಕ್ಕೆ ಚಸ್ಮಾ ಅಂದ್ರೇನೇ ಆಗೋದಿಲ್ಲ ಅನ್ನಿಸಿಬಿಟ್ಟಿದೆ.

ಫಿಟ್ಟಿಂಗ್ ಮಾಮಾ

ಅಕ್ಕಾರ, ತಪ್ಪು ತಿಳಿಯಬೇಡಿ, ಕೂದಲಿಗೆ ಬಣ್ಣ ಹಚ್ಚುತ್ತೀರಾ?

ಇಳಕಲ್ ಅಕ್ಕ

ಹಚ್ತೀನಿ, ತಿಂಗಳಿಗೊಮ್ಮೆ. ಕಪ್ಪು ಮೆಹಂದಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ನವನಗರ ಸಿಸ್ಟರ್

ಮಾಮಾ ಹೇಳುವ ಮೊದಲು ನಾನು ಹೇಳ್ತೀನಿ. ಬಾಗಲಕೋಟೆಯಲ್ಲಿ ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿದ್ದೇನೆ, ಇಂಥ ಕಿವಿಗಳನ್ನು ಬಹಳ ನೋಡಿದ್ದೇನೆ. ಕಪ್ಪು ಮೆಹಂದಿ ಅಂತ ಮಾರುವ ಪುಡಿಯಲ್ಲಿ ಬರೀ ಮೆಹಂದಿ ಇದ್ದರೆ ಅಷ್ಟು ಕಪ್ಪಾಗೋದಿಲ್ಲ, ಬಹಳಷ್ಟರಲ್ಲಿ ಪಿಪಿಡಿ ಎನ್ನುವ ಬಣ್ಣ ಸೇರಿರುತ್ತದೆ. ಅದು ಕೂದಲಂಚಿನಲ್ಲಿ, ಕಿವಿಯ ಹಿಂದೆ, ಕೆಲವರಿಗೆ ಕಣ್ಣಿನ ರೆಪ್ಪೆಯಲ್ಲಿ ಊತ ತರುತ್ತದೆ. ಬಣ್ಣ ಹಚ್ಚಿದ ಎರಡು ಮೂರು ದಿನಕ್ಕೆ ತುರಿಕೆ ಜೋರಾಗಿ ಆಮೇಲೆ ಇಳಿಯುತ್ತದಾ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಚಸ್ಮಾ ಬದಲಿಸಿದರೂ ಹೋಗದ ತುರಿಕೆ ಅಂದ್ರೆ ಚಸ್ಮಾದ್ದು ಅಲ್ಲ ಅಂತಲೇ ಮೊದಲು ಯೋಚಿಸಬೇಕು. ಓಲೆಗೆ ಏನೂ ಆಗೋದಿಲ್ಲ ಅಂದಿರಲ್ಲ, ನಿಕಲ್ ಅಲರ್ಜಿ ಇದ್ದಿದ್ದರೆ ಕಿವಿ ಹಾಲೆಯೇ ಮೊದಲು ಹೇಳುತ್ತಿತ್ತು.

ಬನಹಟ್ಟಿ ಮಗ್ಗ

ಮಾಮಾ, ನೀವು ಕೇಳಿದ್ದಕ್ಕೆ ಈಗ ನೆನಪಾಯಿತು. ಹೊಕ್ಕುಳದ ಕೆಳಗೆ ರೂಪಾಯಿ ಅಗಲದ ಕಪ್ಪು ಕಲೆ ಇದೆ, ಮಳೆಗಾಲ ಬಿಟ್ಟು ಉಳಿದ ಕಾಲದಲ್ಲಿ ತುರಿಸುತ್ತದೆ. ಗಜಕರ್ಣ ಅಂತ ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಕಿವಿಯ ಹಿಂದೆ ಏನೂ ಇಲ್ಲ, ಅಲ್ಲಿ ಪ್ಲಾಸ್ಟಿಕ್ ತೊಡಿಸಿದ್ದಾರೆ.

ಫಿಟ್ಟಿಂಗ್ ಮಾಮಾ

ನೋಡಿ, ಚಿತ್ರ ಕೂಡಿಕೊಂಡಿತು. ಲೋಹ ತಾಗುವ ಕಡೆ ಇದೆ, ಪ್ಲಾಸ್ಟಿಕ್ ತಾಗುವ ಕಡೆ ಇಲ್ಲ, ಬಕಲ್ಲಿನ ಹತ್ತಿರವೂ ಇದೆ. ಬರೀ ಪ್ಯಾಡಿನ ಕೆಳಗೆ ಮಾತ್ರ ಆಗಿದ್ದರೆ ಕೊಳೆ, ಬೆವರು, ಒತ್ತಡ ಅಂತ ಹೇಳಿ ಪ್ಯಾಡ್ ಬದಲಿಸಿ ಕಳಿಸುತ್ತಿದ್ದೆ. ನಿಮ್ಮದು ಕಡ್ಡಿಯ ಉದ್ದಕ್ಕೂ ಗೆರೆ ಬಂದಿದೆ, ಅದು ಒತ್ತಡದಿಂದ ಆಗೋದಲ್ಲ.

ಆದರೂ ಅಂದಾಜಿನ ಮೇಲೆ ದುಡ್ಡು ಹಾಕಬೇಡಿ. ಮನೆಯಲ್ಲಿ ಯಾರಾದರೂ ಬಿಎಸ್ಸಿ ಓದುತ್ತಿದ್ದರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೈಮಿಥೈಲ್‌ಗ್ಲಯಾಕ್ಸಿಮ್ ಅಂತ ಇರುತ್ತದೆ, ಡಿಎಂಜಿ ಅಂತಾರೆ. ನಿಕಲ್ ಹುಡುಕಲು ಅವರು ಬಳಸುವುದೇ ಅದು. ಕಿವಿಗೆ ಹಾಕುವ ಹತ್ತಿ ಕಡ್ಡಿಯ ಮೇಲೆ ಅದರ ಒಂದೆರಡು ಹನಿ, ಅಮೋನಿಯಾ ನೀರು ಒಂದೆರಡು ಹನಿ ಹಾಕಿ, ಫ್ರೇಮಿನ ಒಂದು ಜಾಗದಲ್ಲಿ ಅರ್ಧ ನಿಮಿಷ ತಿಕ್ಕಬೇಕು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಲ್ಲಿಂದ ನಿಕಲ್ ಹೊರಗೆ ಬರುತ್ತಿದೆ ಅಂತ. ಫ್ರೇಮ್ ಹಾಳಾಗೋದಿಲ್ಲ, ಆಮೇಲೆ ಸೋಪು ಹಾಕಿ ತೊಳೆಯಿರಿ. ಒಂದೇ ಕಡೆ ನೋಡಿ ಬಿಡಬೇಡಿ. ಪ್ಯಾಡ್ ಹಿಡಿದಿರುವ ಸಣ್ಣ ತಂತಿ, ಕಡ್ಡಿಯ ಒಳಬದಿ, ಸ್ಕ್ರೂ ತಲೆ, ಎಲ್ಲಾ ಬೇರೆ ಬೇರೆ ಹತ್ತಿಯಲ್ಲಿ ನೋಡಿ. ಹೊಸ ಕೋಟಿಂಗ್ ಇರುವ ಕಡೆ ಬಣ್ಣ ಬಾರದಿದ್ದರೆ ಒಳಗೆ ನಿಕಲ್ ಇಲ್ಲ ಅಂತ ಅರ್ಥ ಅಲ್ಲ, ಇನ್ನೂ ಹೊರಗೆ ಬಂದಿಲ್ಲ ಅಷ್ಟೇ.

ಗಾಳಿಯವರೇ, ಮ್ಯಾಗ್ನೆಟ್ ಅರ್ಧ ಕೆಲಸ ಮಾಡುತ್ತದೆ. ಅಂಟಿದರೆ ಆ ಭಾಗ ಟೈಟಾನಿಯಂ ಅಲ್ಲ, ಅದು ನಿಜ. ಅಂಟದಿದ್ದರೆ ಟೈಟಾನಿಯಂ ಅನ್ನೋದು ತಪ್ಪು. ಜರ್ಮನ್ ಸಿಲ್ವರಿಗೂ ಅಂಟೋದಿಲ್ಲ, ಒಳ್ಳೆ ಸ್ಟೇನ್‌ಲೆಸ್ ಸ್ಟೀಲಿಗೂ ಅಂಟೋದಿಲ್ಲ. ಇನ್ನು ಬೆರಳಿಗೆ ಸುತ್ತುವ ಮೆಮೊರಿ ಮೆಟಲ್ ಇದೆಯಲ್ಲ, ಅದು ಟೈಟಾನಿಯಂ ಜೊತೆ ನಿಕಲ್ ಬೆರೆಸಿ ಮಾಡಿದ್ದು. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನಿಕಲ್ಲೇ. ಇವರಿಗೆ ಅದನ್ನು ಹೇಳಬೇಡಿ.

ಗುಮ್ಮಟದ ಗಾಳಿ

ನನಗೆ ಏನೂ ಆಗಿಲ್ವಲ್ಲ ಮಾಮಾ. ನಾನೂ ವಿಜಯಪುರದ ಬಿಸಿಲಲ್ಲೇ ಇದ್ದೀನಿ.

ಫಿಟ್ಟಿಂಗ್ ಮಾಮಾ

ನಿಮಗೆ ನಿಕಲ್ ಅಲರ್ಜಿ ಇಲ್ಲ, ಅದಕ್ಕೆ ಆಗಿಲ್ಲ. ಆ ಲೋಹ ನಿಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಹೊರಗೆ ಬಿಡುವುದು ಕಡಿಮೆ, ಅದೂ ನಿಜವೇ. ಆದರೆ ಒಮ್ಮೆ ಚರ್ಮ ನಿಕಲ್ಲಿಗೆ ತಿರುಗಿಬಿದ್ದ ಮೇಲೆ ಕಡಿಮೆ ಅನ್ನೋದು ಎಷ್ಟು ಕಡಿಮೆ ಅಂತ ನೋಡಬೇಕಾಗುತ್ತದೆ. ನಾನು ಕೊಡೋದಿಲ್ಲ.

ಸೈಕಲ್ ಸವದತ್ತಿ

ಸರಿ, ಈಗ ಪ್ರಶ್ನೆ ತಿಳಿಯಿತು. ಹಾಗಿದ್ದರೆ ಟಿಆರ್ 90 ಹಾಕಿ, ಬಾಗುವ ಪ್ಲಾಸ್ಟಿಕ್. ನಾನು ಯಲ್ಲಮ್ಮನ ಗುಡ್ಡ ಹತ್ತಿ ಇಳಿಯುವಾಗೆಲ್ಲ ಅದೇ. ಮೈ ಪೂರ್ತಿ ಬೆವರು, ಫ್ರೇಮಿಗೆ ಏನೂ ಆಗೋದಿಲ್ಲ, ತೂಕವೇ ಗೊತ್ತಾಗಲ್ಲ. ಒಂದೇ ಬೇಸರ. ಮೊದಲನೇದು ಮ್ಯಾಟ್ ಕಪ್ಪು, ಮುಟ್ಟಿದರೆ ರಬ್ಬರಿನಂತೆ ಮೆತ್ತಗೆ ಇತ್ತು. ಬೆವರು, ಎಣ್ಣೆ ತಾಗಿ ತಾಗಿ ಅದು ಅಂಟಂಟಾಗಿ ಕೂದಲು, ಧೂಳು ಎಲ್ಲಾ ಹಿಡಿಯತೊಡಗಿತು. ಎರಡನೇದು ಬಣ್ಣ ಬಳಿಯದ, ಪಾರದರ್ಶಕ ಬೂದು ಬಣ್ಣದ್ದು ತಗೊಂಡೆ, ಅದಕ್ಕೆ ಆ ರಗಳೆ ಇಲ್ಲ.

ನವನಗರ ಸಿಸ್ಟರ್

ಮಗ್ಗದ ಅಣ್ಣಾರ, ಲ್ಯಾಬ್ ಪರೀಕ್ಷೆ ಫ್ರೇಮಿಗೆ. ನಿಮ್ಮ ಚರ್ಮಕ್ಕೆ ಬೇಕಾದದ್ದು ಪ್ಯಾಚ್ ಟೆಸ್ಟ್. ಬೆನ್ನಿನ ಮೇಲೆ ನಿಕಲ್ ಸಲ್ಫೇಟ್ ಮತ್ತೆ ಇನ್ನಷ್ಟು ವಸ್ತುಗಳ ಪುಟ್ಟ ಪುಟ್ಟ ಬಿಲ್ಲೆ ಅಂಟಿಸಿ ಎರಡು ದಿನ ಬಿಡ್ತಾರೆ. ತೆಗೆದು ಒಮ್ಮೆ ನೋಡ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ. ಎರಡನೇ ಸಲ ನೋಡೋದು ಮುಖ್ಯ, ಈ ಅಲರ್ಜಿ ನಿಧಾನಕ್ಕೆ ಏಳುತ್ತದೆ. ಅಂಗಡಿಯಲ್ಲಿ ಹೊಸ ಫ್ರೇಮ್ ಅರ್ಧ ಗಂಟೆ ಹಾಕಿಕೊಂಡು "ಏನೂ ಆಗಲಿಲ್ಲ" ಅನ್ನೋದಕ್ಕೆ ಅರ್ಥವೇ ಇಲ್ಲ, ತುರಿಕೆ ಬರೋದೇ ಒಂದರಿಂದ ಮೂರು ದಿನಕ್ಕೆ.

ಆದರೆ ಬೇಸಿಗೆಯಲ್ಲಿ, ಅದೂ ಶೆಡ್ಡಿನ ಕೆಲಸ ಮಾಡುತ್ತಾ ಮಾಡಿಸಬೇಡಿ. ಬೆವರಿಗೆ ಪಟ್ಟಿ ಕಿತ್ತು ಬರುತ್ತದೆ, ಬೆನ್ನಿಗೆ ಸ್ನಾನವೂ ಮಾಡುವ ಹಾಗಿಲ್ಲ. ಜೂನ್ ಜುಲೈಗೆ ಇಟ್ಟುಕೊಳ್ಳಿ. ಸ್ಟೆರಾಯ್ಡ್ ಗುಳಿಗೆ ನುಂಗುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಮತ್ತೆ ಮೂಗಿಗೆ ಮೆಡಿಕಲ್ ಅಂಗಡಿಯವರು ಕೊಟ್ಟ ಸ್ಟೆರಾಯ್ಡ್ ಟ್ಯೂಬ್ ಹಚ್ಚಿಕೊಂಡು ಕೂರಬೇಡಿ, ಮುಖದ ಚರ್ಮ ತೆಳ್ಳಗಾಗಿಬಿಡುತ್ತದೆ.

ಬನಹಟ್ಟಿ ಮಗ್ಗ

ಅಕ್ಕನ ಮಗ ಜಮಖಂಡಿಯಲ್ಲಿ ಬಿಎಸ್ಸಿ. ಅವರ ಸರ್ ಲ್ಯಾಬಿನಲ್ಲೇ ತಿಕ್ಕಿ ನೋಡಲು ಒಪ್ಪಿದರಂತೆ. ಕಡ್ಡಿಯ ಒಳಬದಿ ಬಂಗಾರ ಬಣ್ಣ ಹೋದ ಕಡೆ ಗಾಢ ಗುಲಾಬಿ. ಪ್ಯಾಡಿನ ತಂತಿ ಇನ್ನೂ ಗಾಢ. ಮುಂಭಾಗದ ರಿಮ್ಮಿನಲ್ಲಿ ಏನೂ ಬರಲಿಲ್ಲ, ಅಲ್ಲಿ ಬಣ್ಣ ಇನ್ನೂ ಗಟ್ಟಿಯಾಗಿದೆ. ನನ್ನ ಬೆಲ್ಟಿನ ಬಕಲ್ಲೂ ಗುಲಾಬಿ! ಹುಡುಗನಿಗೆ ಈಗ ಅದೇ ಹುಚ್ಚು, ಮನೆಯ ಕೀಲಿ, ಚಮಚ ಎಲ್ಲಾ ತಿಕ್ಕುತ್ತಿದ್ದಾನೆ.

ಇನ್ನೊಂದು. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಪೂರ್ತಿ ಚಸ್ಮಾ 33 ಗ್ರಾಂ. ಲೆನ್ಸ್ ಬಿಚ್ಚಿಸಿ ತೂಗಿದರೆ ಬರೀ ಫ್ರೇಮ್ 17.

ಫಿಟ್ಟಿಂಗ್ ಮಾಮಾ

ಈ ತೂಕ ಬಹಳ ಕೆಲಸಕ್ಕೆ ಬಂತು. ಎಲ್ಲರೂ ಫ್ರೇಮಿನ ಭಾರ ಅಂತ ಜಗಳ ಮಾಡ್ತಾರೆ, ನಿಮ್ಮಲ್ಲಿ ಅರ್ಧ ಭಾರ ಲೆನ್ಸಿನದು. ಲೆನ್ಸಿನ ಅಗಲ ಎಷ್ಟಿದೆ ನೋಡಿ, ಕಡ್ಡಿಯ ಒಳಗೆ ಅಥವಾ ಮೂಗಿನ ಸೇತುವೆಯ ಹಿಂದೆ 54 ಅಂತ ಏನಾದರೂ ಬರೆದಿರುತ್ತದೆ. ಮೈನಸ್ ನಂಬರಿಗೆ ಲೆನ್ಸ್ ನಡುವೆ ತೆಳು, ಅಂಚಿಗೆ ದಪ್ಪ. ಅಗಲವಾದಷ್ಟೂ ಆ ದಪ್ಪ ಅಂಚು ಜಾಸ್ತಿ ಉಳಿಯುತ್ತದೆ. 48 ಅಗಲದ ಚಿಕ್ಕ ಫ್ರೇಮ್ ತಗೊಂಡು ಪಾಲಿಕಾರ್ಬೊನೇಟ್ ಹಾಕಿಸಿದರೆ ಎರಡೂ ಲೆನ್ಸ್ ಸೇರಿ 16 ಇದ್ದದ್ದು ಎಂಟೊಂಬತ್ತು ಗ್ರಾಮಿಗೆ ಬರುತ್ತದೆ. ಫ್ರೇಮ್ ಯಾವುದೇ ಇರಲಿ, ಈ ಉಳಿತಾಯ ಅದಕ್ಕೆ ಸಿಗುತ್ತದೆ. ಕಣ್ಣುಗಳ ನಡುವಿನ ಅಂತರಕ್ಕೆ ಆ ಚಿಕ್ಕ ಫ್ರೇಮ್ ಸರಿಹೊಂದುತ್ತದಾ ಅಂತ ಮಾತ್ರ ಅಂಗಡಿಯಲ್ಲಿ ಅಳತೆ ಮಾಡಿಸಿ.

ಈಗ ಫ್ರೇಮ್. ಅಸಲಿ ಟೈಟಾನಿಯಂ ನಿಮಗೆ ಚೆನ್ನಾಗಿಯೇ ಆಗುತ್ತದೆ. ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಕ, ಬೆವರಿಗೆ ಕರಗುವುದಿಲ್ಲ. ಸಮಸ್ಯೆ ಏನೆಂದರೆ "ಟೈಟಾನಿಯಂ" ಅಂತ ಮಾರುವ ಫ್ರೇಮ್ ಪೂರ್ತಿ ಟೈಟಾನಿಯಂ ಇರಬೇಕಾಗಿಲ್ಲ. ಕೆಲವದರಲ್ಲಿ ಕಡ್ಡಿ ಮಾತ್ರ, ಕೆಲವದರಲ್ಲಿ ಮುಂಭಾಗ ಮಾತ್ರ. ಬಂಗಾರ ಬಣ್ಣದ ಟೈಟಾನಿಯಂ ಅಂದರೆ ಆ ಬಣ್ಣದ ಕೆಳಗೆ ಕೆಲವೊಮ್ಮೆ ನಿಕಲ್ ಪದರ ಹಾಕಿರುತ್ತಾರೆ. ಹಾಗಾಗಿ ತಗೊಳ್ಳುವುದಾದರೆ ಬಣ್ಣವಿಲ್ಲದ ಬೂದು ಬಣ್ಣದ್ದು, ಮುಂಭಾಗ ಮತ್ತು ಕಡ್ಡಿ ಎರಡರ ಮೇಲೂ ಪ್ಯೂರ್ ಟೈಟಾನಿಯಂ ಅಥವಾ ಬೀಟಾ ಟೈಟಾನಿಯಂ ಅಂತ ಅಚ್ಚು ಇರುವುದು, ಮತ್ತು ಕಾಸು ಕೊಡುವ ಮೊದಲು ನಿಮ್ಮ ಹುಡುಗನ ಹತ್ತಿ ಕಡ್ಡಿ. ಒಪ್ಪದ ಅಂಗಡಿಯವರು ಬೇಡ. ಇನ್ನೊಂದು ಮಾತು, ಮುರಿದರೆ ನಮ್ಮ ಕೈಯಲ್ಲಿ ಬೆಸುಗೆ ಆಗೋದಿಲ್ಲ. ಕಾಯಿಸಿದರೆ ಗಾಳಿ ಹೀರಿ ಗರಿಗರಿಯಾಗಿ ಒಡೆಯುತ್ತದೆ, ಅದಕ್ಕೆ ಆರ್ಗಾನ್ ಗ್ಯಾಸು, ಲೇಸರ್ ಬೇಕು. ಗೊತ್ತಿಲ್ಲದೆ ಯಾರೋ ಮಾಮೂಲಿ ಬೆಸುಗೆ ಹಾಕಿ ಕೊಟ್ಟರೆ ಆ ಬೆಸುಗೆಯೇ ಹೊಸ ಅಲರ್ಜಿಯ ಜಾಗ.

ಇಳಕಲ್ ಅಕ್ಕ

ಅಸಿಟೇಟ್ ಬಗ್ಗೆ ಯಾರೂ ಹೇಳಲಿಲ್ಲ. ನಂದು ಈಗ ಅದೇ. ಕಿವಿ ಕಡೆ ಬೆಳ್ಳಗೆ ಬೂಷ್ಟು ಹಿಡಿದ ಹಾಗೆ ಆಗಿದೆ, ತಿಕ್ಕಿದರೆ ಹೋಗಲ್ಲ.

ಫಿಟ್ಟಿಂಗ್ ಮಾಮಾ

ಅದು ಬೂಷ್ಟು ಅಲ್ಲ ಅಕ್ಕಾರ. ಅಸಿಟೇಟ್ ಹತ್ತಿ ಮತ್ತು ಮರದ ನಾರಿನಿಂದ ಮಾಡುವ ವಸ್ತು. ಅದು ಒಡೆಯದೆ ಬಾಗಲಿ ಅಂತ ಒಂದು ಎಣ್ಣೆಯಂಥದ್ದು ಸೇರಿಸಿರುತ್ತಾರೆ. ಬಿಸಿ, ಬೆವರು, ತಲೆಗೆಣ್ಣೆ ಸೇರಿ ವರ್ಷಗಟ್ಟಲೆ ಅದನ್ನು ಹೊರಗೆ ಎಳೆದಾಗ ಮೇಲ್ಮೈ ಬಿಳಿಚಿಕೊಳ್ಳುತ್ತದೆ. ಬಫ್ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿದರೆ ಹೊಸದರಂತೆ ಆಗುತ್ತದೆ, ಬಣ್ಣ ಮೇಲೆ ಬಳಿದದ್ದಲ್ಲ, ಹಾಳೆಯ ಆಳದವರೆಗೂ ಇರುತ್ತದೆ. ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಬೇಡಿ, ಇನ್ನೂ ಬೇಗ ಬಿಳಿಚುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಕಡ್ಡಿ ತಾನೇ ಅಗಲವಾಗುತ್ತದೆ.

ಮಗ್ಗದವರಿಗೆ ಅಸಿಟೇಟಿನಲ್ಲಿ ಒಂದು ದೊಡ್ಡ ಲಾಭ ಇದೆ. ಮೂಗಿನ ಜಾಗ ಫ್ರೇಮಿನಲ್ಲೇ ಕೆತ್ತಿದ್ದು, ಪ್ಯಾಡಿನ ತಂತಿಯೇ ಇಲ್ಲ. ನಿಮ್ಮ ಮೂಗಿಗೆ ಲೋಹ ತಾಗುವ ಪ್ರಶ್ನೆಯೇ ಬರೋದಿಲ್ಲ. ಕಡ್ಡಿಯೊಳಗೆ ಲೋಹದ ತಂತಿ ಇರುತ್ತದೆ, ಅದು ಜರ್ಮನ್ ಸಿಲ್ವರ್ ಕೂಡ ಆಗಿರಬಹುದು, ಆದರೆ ಮುಚ್ಚಿಕೊಂಡಿರುತ್ತದೆ. ಕಡ್ಡಿ ಉದ್ದ ಆಯಿತು ಅಂತ ಅಂಗಡಿಯಲ್ಲಿ ತುದಿ ಕತ್ತರಿಸಲು ಹೋದರೆ ಮಾತ್ರ ಬೇಡ ಅನ್ನಿ, ತಂತಿ ಹೊರಗೆ ಬಂದು ಕಿವಿಗೆ ತಾಗುತ್ತದೆ.

ಸೈಕಲ್ ಸವದತ್ತಿ

ಅಸಿಟೇಟ್ ಬೆವರಿಗೆ ಜಾರುತ್ತದೆ ಮಾಮಾ. ನಾನೂ ಹಾಕಿ ನೋಡಿದ್ದೇನೆ. ಮೂಗು ಒದ್ದೆ ಆದ ಕೂಡಲೇ ಕೆಳಗೆ. ಮಗ್ಗದ ಮೇಲೆ ಬಗ್ಗಿ ಕೆಲಸ ಮಾಡುವವರು ಪ್ರತಿ ಸಲ ಬೆರಳಿನಿಂದ ಮೇಲೆ ತಳ್ಳಬೇಕಾ? ಟಿಆರ್ ಅದರ ಅರ್ಧ ತೂಕಕ್ಕೆ ಸಿಗುತ್ತದೆ.

ಫಿಟ್ಟಿಂಗ್ ಮಾಮಾ

ಜಾರುವುದು ತೂಕದಿಂದ ಅಷ್ಟೇ ಅಲ್ಲ, ಫಿಟ್ಟಿಂಗಿನಿಂದ. ಅಸಿಟೇಟನ್ನು ಕಾಯಿಸಿ ಕಿವಿಯ ಹಿಂದಿನ ಬಾಗು ನಿಮ್ಮ ತಲೆಗೆ ತಕ್ಕಂತೆ ಕೂರಿಸಬಹುದು, ಹಾಗೇ ನಿಲ್ಲುತ್ತದೆ. ಟಿಆರ್ ನೈಲಾನ್ ಜಾತಿ. ಅದರ ಗುಣವೇ ಹಿಂದಕ್ಕೆ ಚಿಮ್ಮುವುದು. ಕಾಯಿಸಿ ಬಾಗಿಸಿ ತಣ್ಣಗಾಗುವವರೆಗೆ ಹಿಡಿದರೂ ಸ್ವಲ್ಪ ವಾಪಸ್ ಹೋಗುತ್ತದೆ. ಹುಟ್ಟಿದ ಆಕಾರ ನಿಮ್ಮ ತಲೆಗೆ ಸರಿ ಇದ್ದರೆ ಅದರಷ್ಟು ಆರಾಮ ಬೇರೆ ಇಲ್ಲ, ಸರಿ ಇಲ್ಲದಿದ್ದರೆ ನಾವು ಜಾಸ್ತಿ ಏನೂ ಮಾಡಲಾರೆವು. ಮೈನಸ್ ನಾಲ್ಕೂವರೆಯ ದಪ್ಪ ಅಂಚಿನ ಲೆನ್ಸ್, ಫ್ರೇಮ್ ತಿರುಚಿದಾಗ ಹೊರಗೆ ಚಿಮ್ಮುವುದೂ ಉಂಟು.

ಆದರೂ ಟಿಆರ್ ಬೇಡ ಅಂತ ನಾನು ಹೇಳಲ್ಲ. ಪ್ಯಾಡಿಗೆ ತಂತಿ ಹಾಕಿರುವ ಟಿಆರ್ ಬರುತ್ತದೆ, ಅದನ್ನು ಮಾತ್ರ ಬಿಡಿ. ಹಗುರ ಪ್ಲಾಸ್ಟಿಕ್ ಅಂತ ತಗೊಂಡು ಮೂಗಿಗೆ ಮತ್ತೆ ಅದೇ ನಿಕಲ್ ತಂತಿ ಬಂದಂತಾಯಿತು.

ಗುಮ್ಮಟದ ಗಾಳಿ

ಇಷ್ಟೆಲ್ಲಾ ಯಾಕೆ, ಇರುವ ಫ್ರೇಮಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ನಮ್ಮ ಅತ್ತೆ ಓಲೆಗೆ ಹಾಗೇ ಮಾಡ್ತಾರೆ.

ಫಿಟ್ಟಿಂಗ್ ಮಾಮಾ

ಓಲೆ ಮದುವೆಗೆ ಹಾಕಿ ಬಿಚ್ಚಿಡೋದು. ಶೆಡ್ಡಿನ ಬೆವರಿಗೆ ನೇಲ್ ಪಾಲಿಶ್ ಕೆಲವೇ ದಿನಕ್ಕೆ ಪೊರೆ ಎದ್ದು ಬರುತ್ತದೆ, ಎದ್ದ ಪೊರೆಯ ಕೆಳಗೆ ಬೆವರು ನಿಂತು ಇನ್ನೂ ಕೆಡುತ್ತದೆ. ಹೊಸದು ಬರುವವರೆಗೆ ಬೇಕಾದರೆ ವೈರಿಗೆ ಹಾಕುವ ಹೀಟ್ ಶ್ರಿಂಕ್ ಪೈಪನ್ನು ಕಡ್ಡಿಗೆ ತೊಡಿಸಿ ಬಿಸಿ ಗಾಳಿ ಹಿಡಿಯಿರಿ, ಬಿಗಿಯಾಗಿ ಕೂರುತ್ತದೆ. ಮೋಟರ್ ರಿಪೇರಿಯವರ ಹತ್ತಿರ ಇರುತ್ತದೆ. ಪ್ಯಾಡಿನ ತಂತಿಗೆ ಅದು ಆಗೋದಿಲ್ಲ. ಅಲ್ಲಿ ಸ್ವಲ್ಪ ದೊಡ್ಡ ಸಿಲಿಕಾನ್ ಪ್ಯಾಡ್ ಹಾಕಿಸಿ ತಂತಿ ಚರ್ಮಕ್ಕೆ ತಾಗದಂತೆ ಹೊರಗೆ ಬಾಗಿಸಲು ಹೇಳಿ. ರಾತ್ರಿ ಸೋಪಿನ ನೀರಲ್ಲಿ ತೊಳೆದು ಪ್ಯಾಡಿನ ಹಿಂದೆಯೂ ಒರೆಸಿ ಇಡಿ.

ನವನಗರ ಸಿಸ್ಟರ್

ಸ್ಟೇನ್‌ಲೆಸ್ ಸ್ಟೀಲ್ ಹೇಗೆ ಮಾಮಾ? ನಮ್ಮ ಡಾಕ್ಟರ್ ನಿಕಲ್ ಅಲರ್ಜಿ ಇರುವ ಎಷ್ಟೋ ಜನರಿಗೆ ಸ್ಟೀಲ್ ವಾಚು ಆಗುತ್ತದೆ ಅಂತಾರೆ.

ಫಿಟ್ಟಿಂಗ್ ಮಾಮಾ

316ಎಲ್ ಅನ್ನುವ ಸ್ಟೀಲಿನಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನಿಕಲ್ ಇದ್ದರೂ ಹೊರಗೆ ಬಿಡುವುದು ಬಹಳ ಕಡಿಮೆ, ಬಹಳ ಜನರಿಗೆ ಆಗುತ್ತದೆ. ಆದರೆ ಅಂಗಡಿಯಲ್ಲಿ ಸ್ಟೀಲ್ ಅಂತ ಕೊಟ್ಟದ್ದು ಆ ಸ್ಟೀಲೇ ಅಂತ ಯಾರು ಹೇಳಬೇಕು? ನನ್ನ ಹತ್ತಿರ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಆಯಿತು, ಕೆಲವರು ಬೇಸಿಗೆಗೆ ವಾಪಸ್ ಬಂದರು. ಡಾಕ್ಟರ್ ಮಾತು ತಪ್ಪು ಅನ್ನೋದಿಲ್ಲ, ಆದರೆ ದಿನಪೂರ್ತಿ ಬೆವರುವ ಮೂಗಿಗೆ ನಾನು ಧೈರ್ಯ ಮಾಡಲ್ಲ.

ನವನಗರ ಸಿಸ್ಟರ್

ಪ್ಯಾಚ್ ಟೆಸ್ಟ್ ಎಷ್ಟು ಜೋರಾಗಿ ಬರುತ್ತದೆ ಅನ್ನೋದರ ಮೇಲೆ ಹೇಳಬಹುದು ಅನ್ನಿಸುತ್ತದೆ. ಸ್ವಲ್ಪ ಕೆಂಪಾಗುವವರು ಬೇರೆ, ಗುಳ್ಳೆ ಏಳುವವರು ಬೇರೆ.

ಬನಹಟ್ಟಿ ಮಗ್ಗ

ಇವತ್ತು ಜಮಖಂಡಿಗೆ ಹೋಗಿ ಬಂದೆ. 48ರ ಅಸಿಟೇಟ್ ಮೂಗಿಗೆ ಚೆನ್ನಾಗಿ ಕೂತಿತು, ಬರೀ ಫ್ರೇಮ್ 19 ಗ್ರಾಂ ಅಂತ ಅವರ ತಕ್ಕಡಿ ತೋರಿಸಿತು. ಅಂದ್ರೆ ನನ್ನ ಹಳೇ ಮೆಟಲ್ಲಿಗಿಂತ ಎರಡೇ ಗ್ರಾಂ ಜಾಸ್ತಿ, ಪಾಲಿಕಾರ್ಬೊನೇಟ್ ಲೆನ್ಸ್ ಸೇರಿದರೂ ಒಟ್ಟು 28ರ ಒಳಗೆ. ಟಿಆರ್ 11 ಗ್ರಾಮಿನದು ಇತ್ತು, ಆದರೆ ಕಡ್ಡಿ ನನ್ನ ತಲೆಗೆ ಸಡಿಲ, ಬಗ್ಗಿದರೆ ಜಾರಿತು, ಅವರು ಕಾಯಿಸಿ ನೋಡಿದರೂ ಹಾಗೇ. ಟೈಟಾನಿಯಂ ತೋರಿಸಿದರು. ಹತ್ತಿ ಕಡ್ಡಿ ತೆಗೆದ ಕೂಡಲೇ "ಅದೆಲ್ಲಾ ಬೇಡ" ಅಂದರು, ನಾನೂ ಬೇಡ ಅಂದೆ. ಅಸಿಟೇಟಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ, ಶನಿವಾರ ಸಿಗುತ್ತದೆ. ಬೆಲ್ಟು ಬದಲಿಸಿ ಲಾಡಿ ಪೈಜಾಮ ಶುರು ಮಾಡಿದ್ದೇನೆ.

ಸವದತ್ತಿ ಅಣ್ಣಾ, ಜಾರಿದರೆ ಹೇಳ್ತೀನಿ.

ಸೈಕಲ್ ಸವದತ್ತಿ

ಜಾರುತ್ತದೆ, ನೋಡ್ತಾ ಇರಿ. ಕಿವಿಯ ಹಿಂದೆ ಹಾಕುವ ಸಿಲಿಕಾನ್ ಕೊಕ್ಕೆ ಒಂದು ಜೊತೆ ಈಗಲೇ ತಗೊಂಡಿಡಿ.

ಇಳಕಲ್ ಅಕ್ಕ

ಸಿಸ್ಟರ್, ಕ್ಯಾಲೆಂಡರ್ ನೋಡಿದೆ. ಹೋದ ತಿಂಗಳು ಬಣ್ಣ ಹಚ್ಚಿದ್ದು ಅಮಾವಾಸ್ಯೆ ಹಿಂದಿನ ದಿನ, ಕಿವಿ ಉರಿದದ್ದು ಅದಾಗಿ ಎರಡನೇ ದಿನ. ಹಾಗಂತ ಬಿಳಿ ಕೂದಲು ಬಿಟ್ಟುಕೊಂಡು ಮಗಳ ಮದುವೆಯಲ್ಲಿ ನಿಲ್ಲೋದು ಹೇಗೆ? ಅದಕ್ಕೆ ಬೇರೆ ಏನಾದರೂ ಇದ್ದರೆ ಹೇಳಿ.